ಮೂಳಿವಳ್ಳಿಯ ‘ವ’ ಎಲ್ಲಿಂದ ಬಂತು? ಹಲ್ಮಿಡಿ ಶಾಸನದ ಎರಡು ಸಾಲುಗಳಲ್ಲಿ ಸಂಧಿಯ ಪರೀಕ್ಷೆ

ಶಾಸನ ಓದುವ ಹುಚ್ಚಿರುವ ಗೆಳೆಯರೊಬ್ಬರು ಹಲ್ಮಿಡಿ ಶಾಸನದ ಪಾಠವನ್ನು ಪದಪದವಾಗಿ ಬಿಡಿಸಿಕೊಂಡು ಬಂದಿದ್ದರು. ಶ್ರದ್ಧೆಯ ಕೆಲಸ. ಆದರೆ ಎರಡು ಕಡೆ ನನ್ನ ಕಣ್ಣು ನಿಂತಿತು. ‘ಮೂಳಿವಳ್ಳಿ’ ಎಂಬ ಊರ ಹೆಸರನ್ನು ಅವರು ‘ಮೂಳಿ + ಹಳ್ಳಿ’ ಎಂದು ಬಿಡಿಸಿ, ಪಕ್ಕದಲ್ಲಿ ‘ಆದೇಶ ಸಂಧಿ, ಹ ಇದ್ದದ್ದು ವ ಆಗಿದೆ’ ಎಂದು ಬರೆದಿದ್ದರು. ಅದರ ಹಿಂದಿನ ಪದವನ್ನು ‘ಪಲ್ಮಡಿಯುಂ’ ಎಂದು ತಿದ್ದಿಬಿಟ್ಟಿದ್ದರು. ಮೊದಲನೆಯದರಲ್ಲಿ ಸಂಧಿಯ ಹೆಸರು ಸರಿ, ನಿಯಮ ತಪ್ಪು. ಎರಡನೆಯದರಲ್ಲಿ ನಿಯಮ ಸರಿ, ಆದರೆ ಕಲ್ಲಿನ ಮೇಲೆ ಅದು ಇಲ್ಲವೇ ಇಲ್ಲ!

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಈ 16 ಸಾಲಿನ ಶಾಸನವನ್ನು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ ಎಂ.ಎಚ್. ಕೃಷ್ಣ ಪ್ರಕಟಿಸಿದರು. ಕಲ್ಲಿನಲ್ಲಿ ವರ್ಷ ಇಲ್ಲ; ಲಿಪಿಯ ಆಧಾರದ ಮೇಲೆ ಸುಮಾರು ಕ್ರಿ.ಶ. 450 ಎನ್ನುವುದು ರೂಢಿಯಾಗಿದೆ, ಚರ್ಚೆಯೂ ಇದೆ. ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ‘ಬಾಳ್ಗೞ್ಚು’, ಅಂದರೆ ಕತ್ತಿ ತೊಳೆದು ಕೊಡುವ ಗೌರವದ ದತ್ತಿಯಾಗಿ, ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟ ಸಂಗತಿ 11ರಿಂದ 13ನೇ ಸಾಲುಗಳಲ್ಲಿದೆ.

ಈಗ ಮೂಳಿವಳ್ಳಿಗೆ ಬರೋಣ. ಸಂಧಿ ಪರೀಕ್ಷಿಸುವಾಗ ನಾವು ಮಾಡುವ ಮೊದಲ ತಪ್ಪು, ಇವತ್ತಿನ ಪದವನ್ನು ಅವತ್ತಿನ ಶಾಸನದೊಳಗೆ ಕೂರಿಸುವುದು. ಪದದ ಮೊದಲಿನ ಪಕಾರ ಹಕಾರವಾಗುವುದು ಶಾಸನಗಳಲ್ಲಿ ಕಾಣಿಸತೊಡಗುವುದು ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ. ಐದನೆಯ ಶತಮಾನದಲ್ಲಿ ‘ಹಳ್ಳಿ’ ಇರಲಿಲ್ಲ, ಇದ್ದದ್ದು ‘ಪಳ್ಳಿ’. ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ, ಅದೇ ಸಾಲಿನಲ್ಲಿ ಇದೆ: ಇಂದಿನ ಹಲ್ಮಿಡಿ ಅಲ್ಲಿ ‘ಪಲ್ಮಡಿ’. ಹಾಗಾಗಿ ಬಿಡಿಸಬೇಕಾದ್ದು ‘ಮೂಳಿ + ಪಳ್ಳಿ’ ಎಂದು. ಉತ್ತರಪದದ ಪಕಾರಕ್ಕೆ ಸಮಾಸದಲ್ಲಿ ವಕಾರ ಆದೇಶವಾಗುವುದಕ್ಕೆ ಶಾಸನಗಳಿಂದಲೇ ಒಳ್ಳೆಯ ಜೋಡಿ ಸಿಗುತ್ತದೆ. ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊೞಲ್’. ಕಿಸು ಅಂದರೆ ಕೆಂಪು, ಪೊೞಲ್ ಅಂದರೆ ಪಟ್ಟಣ. ಕಿಸು + ಪೊೞಲ್ ಕೂಡಿ ಕಿಸುವೊೞಲ್. ಅದೇ ದಾರಿಯಲ್ಲಿ ಮೂಳಿವಳ್ಳಿ. ಹಕಾರಕ್ಕೆ ವಕಾರ ಆದೇಶವಾಗುವ ನಿಯಮ ಯಾವ ವ್ಯಾಕರಣದಲ್ಲೂ ಇಲ್ಲ. ಪ ವ ಆದ ಮೇಲೆ ಉಳಿದ ರೂಪವನ್ನು ಹ ಆದ ರೂಪದ ಜೊತೆ ಹೋಲಿಸಿದಾಗ ಹಾಗೆ ಕಾಣುತ್ತದೆ, ಅಷ್ಟೇ.

ಆದರೆ ಸರಿಯಾಗಿ ಹೊಂದುವ ಒಂದು ವಿಭಜನೆ ಸಿಕ್ಕಿತು ಅಂದರೆ ಪರೀಕ್ಷೆ ಮುಗಿಯಲಿಲ್ಲ. ಹೊಂದದ ವಿಭಜನೆಗಳನ್ನು ಹೊರಗೆ ಹಾಕಬೇಕು. ಈ ‘ವ’ ಆಗಮವಾಗಿ ಬಂದದ್ದು ಯಾಕಾಗಬಾರದು? ಹಾಗಿದ್ದರೆ ಎರಡನೆಯ ಪದ ಸ್ವರದಿಂದ ಶುರುವಾಗಬೇಕು, ‘ಮೂಳಿ + ಅಳ್ಳಿ’ ಎನ್ನಬೇಕು. ಆದರೆ ಇಕಾರದ ಮುಂದೆ ಬರುವುದು ಯಕಾರಾಗಮ. ವಕಾರ ಬರುವುದು ಗುರುವನ್ನು, ಹೊಲವನ್ನು ಎಂಬಲ್ಲಿನ ಹಾಗೆ ಉಕಾರ, ಅಕಾರಗಳ ಮುಂದೆ. ಆಗ ರೂಪ ‘ಮೂಳಿಯಳ್ಳಿ’ ಆಗಬೇಕಿತ್ತು. ಆದ್ದರಿಂದ ಆಗಮದ ದಾರಿ ಮುಚ್ಚಿತು.

ಇನ್ನೊಂದು ದಾರಿ ಮಾತ್ರ ಮುಚ್ಚುವುದಿಲ್ಲ. ಹಳಗನ್ನಡದಲ್ಲಿ ಪಕಾರದ ಹಾಗೆಯೇ ಬಕಾರ, ಮಕಾರಗಳಿಗೂ ವಕಾರ ಆದೇಶವಾಗುತ್ತದೆ. ಮೆಲ್ + ಮಾತು ಕೂಡಿ ಮೆಲ್ವಾತು ಆಗುತ್ತದಲ್ಲ, ಹಾಗೆ. ಅಂದ ಮೇಲೆ ‘ಮೂಳಿ + ಬಳ್ಳಿ’ ಎಂದರೂ ಸಂಧಿಯ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಸಂಧಿ ಕೈಚೆಲ್ಲುತ್ತದೆ, ಸಂದರ್ಭ ತೀರ್ಮಾನ ಕೊಡುತ್ತದೆ. ಕೊಟ್ಟಿರುವುದು ಊರು, ಇನ್ನೊಂದು ಊರಿನ ಜೊತೆಗೆ. ಊರ ಹೆಸರಿನ ಕೊನೆಗೆ ಪಳ್ಳಿ ಬರುವುದು ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ರೂಢಿ. ಹಾಗಾಗಿ ಪಳ್ಳಿ. ಈ ತೀರ್ಮಾನವನ್ನು ಸಂಧಿಯ ಲೆಕ್ಕಕ್ಕೆ ಬರೆಯುವುದು ಮಾತ್ರ ಪ್ರಾಮಾಣಿಕತೆಯಲ್ಲ.

ಇನ್ನು ತಿದ್ದಿದ ಪದ. ಕಲ್ಲಿನಲ್ಲಿರುವುದು ‘ಪಲ್ಮಡಿಉಂ ಮೂಳಿವಳ್ಳಿಉಂ’. ಇಕಾರದ ಮುಂದೆ ಉಕಾರ ಬಂದಿದೆ, ನಿಯಮದ ಪ್ರಕಾರ ‘ಪಲ್ಮಡಿಯುಂ ಮೂಳಿವಳ್ಳಿಯುಂ’ ಆಗಬೇಕು. ಗೆಳೆಯರು ಅದನ್ನೇ ಮಾಡಿದ್ದರು. ‘ಕೆತ್ತುವವನು ಮರೆತಿರಬೇಕು ಅಲ್ವಾ?’ ಅಂದರು. ಒಂದೇ ಕಡೆ ಹೀಗಿದ್ದರೆ ನಾನೂ ಒಪ್ಪುತ್ತಿದ್ದೆ. ಒಂದೇ ಸಾಲಿನಲ್ಲಿ ಎರಡು ಸಲ, ಅದೇ ಪ್ರತ್ಯಯದ ಹಿಂದೆ, ಅದೇ ರೀತಿ ಬಿಟ್ಟಿದ್ದಾನೆ. ಹಾಗಂತ ಅವನಿಗೆ ಯಕಾರಾಗಮ ಗೊತ್ತೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಸ್ವಲ್ಪ ಮೇಲೆ, 8ನೇ ಸಾಲಿನಲ್ಲಿ, ಪಶುಪತಿ + ಎಂದು ಸೇರಿ ‘ಪಶುಪತಿಯೆಂದು’ ಎಂದೇ ಆಗಿದೆ. ಅದೇ ಇಕಾರ, ಅಲ್ಲಿ ಯಕಾರ ಬಂದಿದೆ. ‘ಉಂ’ ಅನ್ನು ಇನ್ನೂ ಬಿಡಿಯಾಗಿ ಬರೆಯುವ ಅಭ್ಯಾಸವಿತ್ತು ಅನ್ನಿಸುತ್ತದೆ ನನಗೆ. ಎರಡು ಉದಾಹರಣೆಯ ಮೇಲೆ ಅದಕ್ಕಿಂತ ಹೆಚ್ಚು ಹೇಳಲಾರೆ. ಆದರೆ ಪಾಠದಲ್ಲಿ ‘ಯು’ ಸೇರಿಸಿಬಿಟ್ಟರೆ ಈ ಪ್ರಶ್ನೆಯೇ ಮಾಯವಾಗುತ್ತದೆ. ಮುಂದೆ ಅದನ್ನು ಓದಿದವರು ‘ಐದನೆಯ ಶತಮಾನದಲ್ಲೇ ಉಂ ಜೊತೆ ಯಕಾರಾಗಮ ನಿಯತವಾಗಿತ್ತು’ ಎಂದು ಬರೆಯುತ್ತಾರೆ, ನಾವೇ ಕೆತ್ತಿದ ಅಕ್ಷರವನ್ನು ಸಾಕ್ಷಿ ಮಾಡಿಕೊಂಡು. ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದು ಹದಿಮೂರನೆಯ ಶತಮಾನದಲ್ಲಿ. ಆ ಸೂತ್ರಗಳನ್ನು ಎಂಟುನೂರು ವರ್ಷ ಹಿಂದಕ್ಕೆ ಕೊಂಡೊಯ್ದು ಕಲ್ಲಿಗೆ ಅಂಕ ಕೊಡುವುದು ಯಾವ ನ್ಯಾಯ?

ವಿಜ ಅರಸನ ಹೆಸರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಒಂದು ಕಡೆ ‘ವಿಜ ಅರಸಂಗೆ’, 14ನೇ ಸಾಲಿನಲ್ಲಿ ‘ವಿಜಾರಸರುಂ’. ಮೊದಲನೆಯದನ್ನು ನೋಡಿ ‘ಇಲ್ಲಿ ಸಂಧಿ ಮಾಡಿಲ್ಲ’ ಎಂದು ಪಟ್ಟಿಗೆ ಹಾಕುವ ಮುಂಚೆ ಅಚ್ಚುಪಾಠದ ಸಾಲು ಸಂಖ್ಯೆ ನೋಡಿ: 11ನೇ ಸಾಲು ‘ವಿಜ’ಕ್ಕೆ ಮುಗಿದು, 12ನೇ ಸಾಲು ‘ಅರಸಂಗೆ’ಯಿಂದ ಶುರುವಾಗುತ್ತದೆ. ಸಾಲು ಮುರಿದ ಜಾಗದಲ್ಲಿ ಸ್ವರ ಬಿಡಿಯಾಗಿ ನಿಂತರೆ ಅದು ಭಾಷೆಯ ಸಾಕ್ಷಿಯೋ ಕಲ್ಲಿನ ಅಗಲದ ಸಾಕ್ಷಿಯೋ ಹೇಳಲಾಗದು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಎರಡನೆಯದು ಸಾಲಿನ ನಡುವೆ ಇದೆ, ಹಾಗಾಗಿ ಬೆಲೆ ಹೆಚ್ಚು. ಕನ್ನಡದ ಲೋಪಸಂಧಿಯ ಪ್ರಕಾರ ವಿಜ + ಅರಸ ‘ವಿಜರಸ’ ಆಗಬೇಕು. ‘ಜಾ’ ಎಂಬ ದೀರ್ಘ ಬಂದಿದ್ದರೆ ಅದು ಸಂಸ್ಕೃತದ ಸವರ್ಣದೀರ್ಘದ ದಾರಿ. ಎರಡಕ್ಕೂ ನಡುವೆ ಇರುವುದು ಜಕಾರದ ಮೇಲಿನ ಒಂದು ಪುಟ್ಟ ದೀರ್ಘದ ಗೀಟು ಮಾತ್ರ. ಸವೆದ ಕಲ್ಲಿನಲ್ಲಿ ಮೊದಲು ಹೋಗುವುದೂ, ಇಲ್ಲದ ಕಡೆ ಕಲ್ಲಿನ ಬಿರುಕಿನಿಂದ ಹುಟ್ಟಿಕೊಳ್ಳುವುದೂ ಅದೇ. ಇಂಥ ಕಡೆ ಅಚ್ಚಾದ ಪಾಠ ನಂಬಿ ನಿಯಮದ ಹೆಸರು ಬರೆಯಬೇಡಿ. ಮಸಿಪ್ರತಿ ತೆಗೆದು, ಅದೇ ಕೈ ಬೇರೆ ಕಡೆ ಸ್ಪಷ್ಟವಾಗಿ ಕೆತ್ತಿರುವ ದೀರ್ಘದ ಪಕ್ಕ ಇಟ್ಟು ನೋಡಿ.

ಗೆಳೆಯರು ಈಗ ತಮ್ಮ ಪ್ರತಿಯಲ್ಲಿ ‘ಯು’ ಅಳಿಸಿದ್ದಾರೆ. ಹಳ್ಳಿಯ ‘ಹ’ ಹೊಡೆದುಹಾಕಿ ‘ಪ’ ಬರೆದುಕೊಂಡಿದ್ದಾರೆ. ‘ಜಾ’ದ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.