ಪುನರ್ವಿನ್ಯಾಸ ನಿವೇದನೆ

ಸಂಸ್ಥೆಯೊಂದರಲ್ಲಿ ಯಾರು ಯಾರಿಗೆ ಅಧೀನರೆಂಬ ಕ್ರಮವು ಪರಿವರ್ತನೆಗೊಳ್ಳುವಾಗ ಅದನ್ನು ನೌಕರವರ್ಗಕ್ಕೆ ವಿಶದಪಡಿಸುವ ಆಡಳಿತಕಾರ್ಯ. ಉದಾಹರಣೆಗೆ, 1906ರಲ್ಲಿ ಉಡುಪಿಯಲ್ಲಿ ಉದಯಿಸಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವುದೆಂಬ ಘೋಷಣೆ ಹೊರಟುದು 2019ರ ಆಗಸ್ಟ್ 30ರಂದು, ಅದು ಜಾರಿಗೆ ಬಂದುದು 2020ರ ಏಪ್ರಿಲ್ 1ರಂದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ, ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ವದಂತಿ ಬೇರೂರಲು ಏಳು ತಿಂಗಳ ಅಂತರ ಧಾರಾಳವಾಯಿತು.

ಇಂತಹ ಸಂದರ್ಭದಲ್ಲಿ ಗುಮಾಸ್ತನ ಚಿಂತೆ ಬ್ಯಾಂಕಿನ ನೂತನ ನಾಮಧೇಯದ್ದಲ್ಲ. ತನ್ನ ರಜೆಗೆ ಸಹಿ ಹಾಕುವವರು ಯಾರು, ವರ್ಷಾಂತ್ಯದ ಮೌಲ್ಯಮಾಪನ ಬರೆಯುವವರು ಯಾರು, ಸಾಲದ ಕಡತ ಯಾವ ಪ್ರಾದೇಶಿಕ ಕಚೇರಿಗೆ ಹೋಗತಕ್ಕದ್ದು, ಒಂದೇ ಬೀದಿಯ ಎರಡು ಶಾಖೆಗಳು ಕೂಡಿದರೆ ಮ್ಯಾನೇಜರಾಗಿ ಉಳಿಯುವವರು ಯಾರು ಎಂಬಿವುಗಳದು. ಆದುದರಿಂದ ಸುತ್ತೋಲೆಯು ಪ್ರತಿಯೊಂದು ಹುದ್ದೆಯ ಮುಂದೆ ಹಿಂದಿನ ಮೇಲಧಿಕಾರಿ, ಮುಂದಿನ ಮೇಲಧಿಕಾರಿ, ಬದಲಾವಣೆಯ ದಿನಾಂಕ ಇವನ್ನು ಒಂದೇ ಸಾಲಿನಲ್ಲಿ ಕಾಣಿಸಬೇಕು. ಮ್ಯಾನೇಜರರು ಅದನ್ನು ಮೊದಲು ಓದಿ, ಅದೇ ದಿನ ಸಿಬ್ಬಂದಿಯನ್ನು ಕೂಡಿಸಿ ಹೇಳಬೇಕು. ತೀರ್ಮಾನವಾಗದ ವರ್ಗಾವಣೆಗಳನ್ನು ಮರೆಮಾಚದೆ, ಅವು ಇತ್ಯರ್ಥವಾಗುವ ದಿನವನ್ನು ನಮೂದಿಸುವುದು ಲೇಸು. ಯಾರಿಗೂ ತೊಂದರೆಯಾಗದೆಂಬ ಸಾಂತ್ವನವಾದರೋ ಮೊದಲ ವರ್ಗಾವಣೆಯ ಆದೇಶದೊಡನೆಯೇ ಸುಳ್ಳಾಗಿ, ತರುವಾಯದ ಸತ್ಯವನ್ನೂ ಶಂಕಾಸ್ಪದಗೊಳಿಸುತ್ತದೆ. ರಜೆಯ ಅರ್ಜಿಗಳು ಎರಡು ಕಚೇರಿಗಳ ನಡುವೆ ಅಲೆಯತೊಡಗಿದರೆ ನಿವೇದನೆಯು ವಿಫಲವಾಯಿತೆಂದೇ ತಿಳಿಯಬೇಕು.