ಇಪ್ಪತ್ತೆಂಟು ಪೌಂಡಿನ ಅಂಗಡಿ



ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾರ್ಖಾನೆಯ ಕೆಲಸ ಹೋಗಿತ್ತು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ದಿನಸಿ ಅಂಗಡಿ ತೆರೆಯಬೇಕೆಂದು ನಿಶ್ಚಯಿಸಿ, ಹೆಂಡತಿಯ ಒಡವೆ ಅಡವಿಟ್ಟು, ತನ್ನ ಉಳಿತಾಯವನ್ನೂ ಸೇರಿಸಿ ಮೂರು ಲಕ್ಷ ರೂಪಾಯಿ ಹೊಂದಿಸಿಕೊಂಡಿದ್ದ. ಕೈಯಲ್ಲಿ ಆರು ಪುಟಗಳ ಸಾಮಾನಿನ ಪಟ್ಟಿಯಿತ್ತು. "ಸಾರ್, ಒಮ್ಮೆ ನೋಡಿಕೊಡಿ, ಲೆಕ್ಕ ತಪ್ಪಿದ್ದರೆ ಹೇಳಿ" ಎಂದ. ಎಣಿಸಿ ನೋಡಿದರೆ ಮುನ್ನೂರಕ್ಕೂ ಮಿಕ್ಕ ಬಾಬುಗಳು. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಬೇರೆ ಕಡೆ.

ವ್ಯಾಪಾರ ನನ್ನ ವಿಷಯವಲ್ಲ. ನಾನು ಇತಿಹಾಸ ಕಲಿಸಿದವನು. ಆದರೆ ಇತಿಹಾಸದಲ್ಲಿ ಒಂದು ದಿನಸಿ ಅಂಗಡಿಯ ಮೊದಲ ದಿನದ ಪಟ್ಟಿ ದಾಖಲಾಗಿ ಉಳಿದಿದೆ. ಸಹಕಾರ ಚಳವಳಿಯ ಪಾಠದಲ್ಲಿ ಗದಗದ ಬಳಿಯ ಕಣಗಿನಹಾಳದ 1905ರ ಸಂಘದ ಜೊತೆಗೆ ರಾಚ್‌ಡೇಲ್ ಎಂಬ ಊರಿನ ಹೆಸರನ್ನೂ ನಾನು ನಿಮಗೆ ಹೇಳಿದ್ದುಂಟು. ಅಂದು ಒಂದು ಸಾಲಿನಲ್ಲಿ ಮುಗಿಸಿದ್ದೆ. ಇಂದು ಆ ಸಾಲನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾಚ್‌ಡೇಲ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ, ಉಣ್ಣೆಯ ಬಟ್ಟೆ ನೇಯುತ್ತಿದ್ದ ಊರು. 1844ರಲ್ಲಿ ಅಲ್ಲಿನ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ ಒಂದು ಸಂಘ ಕಟ್ಟಿದರು. ವಾರಕ್ಕೆ ಎರಡು ಮೂರು ಪೆನ್ನಿಗಳಂತೆ ಕೂಡಿಹಾಕಿ, ಇಪ್ಪತ್ತೆಂಟು ಸದಸ್ಯರು ತಲಾ ಒಂದು ಪೌಂಡಿನಂತೆ 28 ಪೌಂಡ್ ಬಂಡವಾಳ ಮಾಡಿದರು. ಟೋಡ್ ಲೇನ್ ಎಂಬ ಬೀದಿಯಲ್ಲಿ ಒಂದು ಹಳೆಯ ಮಳಿಗೆಯ ನೆಲ ಅಂತಸ್ತನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಹಿಡಿದರು. 1844ರ ಡಿಸೆಂಬರ್ 21, ಶನಿವಾರ ಸಂಜೆ ಬಾಗಿಲು ತೆರೆಯಿತು. ಒಳಗಿದ್ದದ್ದು ಇಷ್ಟೇ: 28 ಪೌಂಡ್ ತೂಕದ ಬೆಣ್ಣೆ, 56 ಪೌಂಡ್ ಸಕ್ಕರೆ, ಆರು ಹಂಡ್ರೆಡ್‌ವೇಟ್ ಗೋಧಿ ಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಒಂದಿಷ್ಟು ಕೊಬ್ಬಿನ ಮೇಣದಬತ್ತಿ. ಐದೇ ಬಾಬು. ಒಟ್ಟು ಬೆಲೆ 16 ಪೌಂಡ್ 11 ಶಿಲ್ಲಿಂಗ್ 11 ಪೆನ್ನಿ. ಎದುರಾಳಿ ವ್ಯಾಪಾರಿಯೊಬ್ಬ, ಇಡೀ ಅಂಗಡಿಯನ್ನು ಒಂದು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬಲ್ಲೆನೆಂದು ನಕ್ಕನಂತೆ.

ಈ ಪಟ್ಟಿಯನ್ನು ಗಮನವಿಟ್ಟು ಓದೋಣ. ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 51 ಕಿಲೋ. ಆರು ಹಂಡ್ರೆಡ್‌ವೇಟ್ ಹಿಟ್ಟು ಎಂದರೆ 672 ಪೌಂಡ್, ಅಂದರೆ 305 ಕಿಲೋ. ಇದನ್ನು 28 ಮನೆಗಳಿಗೆ ಹಂಚಿದರೆ ಮನೆಗೆ 24 ಪೌಂಡ್ ಹಿಟ್ಟು, ಎರಡು ಪೌಂಡ್ ಸಕ್ಕರೆ, ಒಂದು ಪೌಂಡ್ ಬೆಣ್ಣೆ. ಮನೆಯಲ್ಲಿಯೇ ರೊಟ್ಟಿ ಸುಡುತ್ತಿದ್ದ ಸಂಸಾರಕ್ಕೆ ಇದು ಬೇಗನೆ ಕರಗುವ ದಾಸ್ತಾನು. ಅಂದರೆ ಈ ಪಟ್ಟಿಯ ಹಿಂದೆ ಕೊಳ್ಳುವವರು ಎದ್ದು ಕಾಣುತ್ತಾರೆ. ಯಾರ ಮನೆಗೆ ಏನು ಎಷ್ಟು ಬೇಕೆಂಬುದನ್ನು ಅಂಗಡಿಯವರು ಊಹಿಸಬೇಕಾಗಿರಲಿಲ್ಲ, ಅವರೇ ಗಿರಾಕಿಗಳಾಗಿದ್ದರು.

ಎರಡನೆಯ ಸಂಗತಿ, ಬಂಡವಾಳದ ವಿಂಗಡಣೆ. 28 ಪೌಂಡಿನಲ್ಲಿ ಸರಕಿಗೆ ಹೋದದ್ದು ನೂರಕ್ಕೆ ಸುಮಾರು ಐವತ್ತೊಂಬತ್ತು ಪಾಲು. ಉಳಿದ 11 ಪೌಂಡ್ 8 ಶಿಲ್ಲಿಂಗ್ 1 ಪೆನ್ನಿಯಲ್ಲಿ ಬಾಡಿಗೆ, ಅಂಗಡಿಯ ಸಲಕರಣೆ ಎಲ್ಲವೂ ನಡೆಯಬೇಕಿತ್ತು. ಆಳುಗಳನ್ನು ಇಡಲಿಲ್ಲ, ಸದಸ್ಯರೇ ಒಬ್ಬರು ಮಾರಿದರು, ಒಬ್ಬರು ಹಣ ನೋಡಿಕೊಂಡರು. ಅಂಗಡಿ ಮೊದಲಿಗೆ ತೆರೆದಿರುತ್ತಿದ್ದದ್ದೂ ಸೋಮವಾರ ಮತ್ತು ಶನಿವಾರದ ಸಂಜೆ ಮಾತ್ರ. ಚಹಾ ಮತ್ತು ಹೊಗೆಸೊಪ್ಪು ಎಲ್ಲರಿಗೂ ಬೇಕಾದ ಸರಕೇ ಆಗಿದ್ದವು. ಆದರೆ ಅವಕ್ಕೆ ಪರವಾನಗಿ ಪಡೆಯಬೇಕಿತ್ತು, ಹಣವೂ ಸಾಲದು. ಆದುದರಿಂದ ಅವನ್ನು 1845ಕ್ಕೆ ಬಿಟ್ಟರು.

ಮೂರನೆಯದು ಉದ್ರಿ ಇಲ್ಲವೆಂಬ ನಿಯಮ. ಆ ಕಾಲದ ಕಾರ್ಮಿಕ ಸಂಸಾರಗಳು ಅಂಗಡಿಗಳ ಸಾಲದಲ್ಲಿ ಮುಳುಗಿದ್ದವು. ಸಾಲಗಾರನಾದವನು ಕಲಬೆರಕೆ ಹಿಟ್ಟನ್ನೂ ಕಡಿಮೆ ತೂಕವನ್ನೂ ಪ್ರಶ್ನಿಸುವಂತಿರಲಿಲ್ಲ. ರಾಚ್‌ಡೇಲಿನವರು ಶುದ್ಧ ಸರಕು, ಪೂರ್ಣ ತೂಕ, ನಗದು ವ್ಯಾಪಾರ ಎಂದು ಕಟ್ಟುಮಾಡಿದರು. ಸಣ್ಣ ಬಂಡವಾಳಕ್ಕೆ ಈ ಮೂರನೆಯ ಕಟ್ಟು ಧರ್ಮದ ಮಾತಷ್ಟೇ ಅಲ್ಲ, ಉಸಿರಿನ ಮಾತು. ಸಂಘದ ಲೆಕ್ಕದಂತೆ 1845ರಲ್ಲಿ ಒಟ್ಟು ಮಾರಾಟ 710 ಪೌಂಡ್, ಅಂದರೆ ಸರಾಸರಿ ವಾರಕ್ಕೆ ಹದಿಮೂರು ಪೌಂಡಿಗೂ ಮೇಲೆ. ಹದಿನಾರು ಪೌಂಡಿನ ದಾಸ್ತಾನಿನಿಂದ ಹೊರಟ ಅಂಗಡಿ ಇಷ್ಟು ಮಾರಬೇಕಾದರೆ ಅದೇ ಹಣ ಮತ್ತೆ ಮತ್ತೆ ಸರಕಾಗಿ, ಸರಕು ಮತ್ತೆ ಹಣವಾಗಿ ತಿರುಗಬೇಕು. ಉದ್ರಿ ಪುಸ್ತಕದಲ್ಲಿ ಕುಳಿತ ಹಣ ತಿರುಗುವುದಿಲ್ಲ. ಆ ವರ್ಷದ ಮಿಗತೆ 22 ಪೌಂಡ್ ಮಾತ್ರ, ನೂರಕ್ಕೆ ಮೂರು ಚಿಲ್ಲರೆ. ದಿನಸಿಯಲ್ಲಿ ಲಾಭ ತೆಳುವು. ಅದನ್ನು ದಪ್ಪ ಮಾಡುವುದು ತಿರುಗಾಟವೊಂದೇ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಮೊದಲು ಮನೆಯಲ್ಲಿ ಕಲಿತೆ. 1974ರಲ್ಲಿ ನಮ್ಮ ತಂದೆಯವರು ತಾಯಿಯ ಎರಡು ಬಳೆಗಳನ್ನು ಮಾರಿ ಹೋಬಳಿಯ ಊರಿನಲ್ಲಿ ಅಂಗಡಿ ಇಟ್ಟರು. ಸುಗ್ಗಿಯಲ್ಲಿ ಬೆಲೆ ಇಳಿದಿದೆಯೆಂದು ಐದು ಕ್ವಿಂಟಲ್ ಬೆಲ್ಲ ತುಂಬಿಸಿದರು. ಮಳೆಗಾಲ ಬಂತು. ಬೆಲ್ಲ ನೀರೊಡೆದು, ಚೀಲ ಒದ್ದೆಯಾಗಿ, ನೆಲವೆಲ್ಲ ಅಂಟಾಯಿತು. ಅರ್ಧದಷ್ಟನ್ನು ದನಗಳಿಗೆ ಹಾಕಿಸಿದೆವು. ನನ್ನ ಅಕ್ಷರ ದುಂಡಗಿದ್ದುದರಿಂದ ಉದ್ರಿ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಹದಿನಾಲ್ಕು ತಿಂಗಳಿಗೆ ಅಂಗಡಿ ಮುಚ್ಚಿದ ದಿನ ಕಪಾಟಿನಲ್ಲಿ ನಾಲ್ಕು ಡಬ್ಬಿಗಳಿದ್ದವು, ಪುಸ್ತಕದಲ್ಲಿ ಎಪ್ಪತ್ತು ಹೆಸರುಗಳಿದ್ದವು. ಆ ಹೆಸರಿನವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ತಂದೆಯವರಿಗೆ "ಇಲ್ಲ" ಎನ್ನಲು ಬರುತ್ತಿರಲಿಲ್ಲ, ಅಷ್ಟೆ. ತಾಯಿ ಮತ್ತೆ ಬಳೆಯ ಮಾತೆತ್ತಲಿಲ್ಲ.

ಆದುದರಿಂದ ಆ ಹುಡುಗನ ಆರು ಪುಟಗಳನ್ನು ಬದಿಗಿಟ್ಟು, ಒಂದು ಖಾಲಿ ಹಾಳೆ ತೆಗೆದುಕೊಂಡು ಕುಳಿತೆವು. ಮೊದಲು ಕೇಳಿದೆ: "ನಿನ್ನ ಅಂಗಡಿಗೆ ನಡೆದು ಬರುವ ಮನೆಗಳೆಷ್ಟು?" ನೂರಿಪ್ಪತ್ತು ಮನೆಗಳಿವೆಯೆಂದ. ಎಲ್ಲರೂ ಮೊದಲ ತಿಂಗಳೇ ಬರುವುದಿಲ್ಲ. ನಲವತ್ತು ಮನೆಯೆಂದು ಹಿಡಿದೆವು. ಮನೆಗೆ ವಾರಕ್ಕೆ ನಾಲ್ಕು ಕಿಲೋ ಅಕ್ಕಿಯೆಂದರೆ 160 ಕಿಲೋ. 25 ಕಿಲೋ ಚೀಲಗಳಾದ್ದರಿಂದ ಏಳು ಚೀಲ. ಅವನು ಬರೆದಿದ್ದದ್ದು ನಲವತ್ತು ಚೀಲ. ತೊಗರಿಬೇಳೆ ಮನೆಗೆ ಅರ್ಧ ಕಿಲೋದಂತೆ 20 ಕಿಲೋ, ಅಡಿಗೆ ಎಣ್ಣೆ ಒಂದು ಲೀಟರಿನ ನಲವತ್ತು ಪೊಟ್ಟಣ. ಸಕ್ಕರೆ ಇಪ್ಪತ್ತು ಕಿಲೋ ಸಾಕಿತ್ತು, ಆದರೆ ಸಗಟಿನಲ್ಲಿ ಐವತ್ತರ ಮೂಟೆ ಅಗ್ಗ. ಕೆಡುವ ಸರಕಲ್ಲವೆಂದು ಮೂಟೆಯನ್ನೇ ಬರೆದೆವು. ರವೆ ಹಾಗಲ್ಲ, ಹುಳು ಹಿಡಿಯುತ್ತದೆ. ಅದು ಹತ್ತೇ ಕಿಲೋ. ಹೀಗೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿದೆವು: ವಾರಕ್ಕೆ ಎಷ್ಟು ಹೋಗುತ್ತದೆ, ಸಗಟಿನಲ್ಲಿ ಎಷ್ಟರ ಕಟ್ಟಿನಲ್ಲಿ ಸಿಗುತ್ತದೆ, ಉಳಿದರೆ ಎಷ್ಟು ದಿನ ತಾಳುತ್ತದೆ. ಮುನ್ನೂರು ಬಾಬು ತೊಂಬತ್ತಕ್ಕೆ ಇಳಿಯಿತು.

ಬಳಿಕ ಹಣ. ಮೂರು ಲಕ್ಷದಲ್ಲಿ ಮಳಿಗೆಯ ಮುಂಗಡ ಐವತ್ತು ಸಾವಿರ, ಕಪಾಟು ತಕ್ಕಡಿಗಳಿಗೆ ಅರವತ್ತು ಸಾವಿರ ಹೋಗುತ್ತಿತ್ತು. ಉಳಿದ 1,90,000ವನ್ನು ಅವನು ಪೂರ್ತಿ ಸರಕಿಗೆ ಹಾಕಿದ್ದ. ನಾವು ಅದನ್ನು ಒಡೆದೆವು. ಮೊದಲ ದಾಸ್ತಾನಿಗೆ 1,15,000. ಅದರಲ್ಲಿ ಅಕ್ಕಿ, ಬೇಳೆ, ಎಣ್ಣೆ, ಹಿಟ್ಟುಗಳಿಗೆ 60,000. ಸಾಬೂನು ಮುಂತಾದವಕ್ಕೆ 25,000. ಚಹಾ, ಕಾಫಿ, ಸಾಂಬಾರ ಪದಾರ್ಥಗಳಿಗೆ 15,000. ಬಿಸ್ಕತ್ತು, ಕುರುಕಲು ತಿಂಡಿಗೆ 15,000. ಮೊದಲ ತಿಂಗಳ ಬಾಡಿಗೆ, ದೀಪದ ಖರ್ಚಿಗೆ 20,000. ಇನ್ನುಳಿದ 55,000ವನ್ನು ಮುಟ್ಟಬಾರದು; ಅದು ಎರಡನೆಯ, ಮೂರನೆಯ ವಾರದ ಖರೀದಿಗೆ. ಯಾವುದು ಹೋಗುತ್ತದೆ ಎಂಬುದು ತಿಳಿಯುವುದೇ ಆಗ. ತಿಳಿಯುವ ಹೊತ್ತಿಗೆ ಕೈ ಬರಿದಾಗಿದ್ದರೆ ತಿಳಿದೂ ಪ್ರಯೋಜನವಿಲ್ಲ.

"ಕಪಾಟು ಖಾಲಿ ಕಂಡರೆ ಜನ ಬರುತ್ತಾರಾ ಸಾರ್?" ಎಂದು ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕಪಾಟನ್ನೇ ಎರಡು ಕಡಿಮೆ ಮಾಡಿಸು ಎಂದೆ. ಪ್ರತಿ ಚೀಲದ ಮೇಲೂ ತಂದ ದಿನ ಬರೆದಿಡು; ಹದಿನೈದು ದಿನಕ್ಕೂ ಅರ್ಧ ಉಳಿದದ್ದನ್ನು ಮತ್ತೆ ತರಬೇಡ ಎಂದೆ. ಉದ್ರಿಯ ವಿಷಯದಲ್ಲಿ ಮಾತ್ರ ನನ್ನ ತಂದೆಯ ಕಥೆ ಹೇಳಿದೆ, ಉಪದೇಶ ಹೇಳಲಿಲ್ಲ.

ತಿಂಗಳ ಮೇಲೆ ಅವನ ಅಂಗಡಿಗೆ ಹೋಗಿದ್ದೆ. ನಮ್ಮ ಲೆಕ್ಕವೂ ಒಂದು ಕಡೆ ತಪ್ಪಿತ್ತು: ರಾಗಿ ಹಿಟ್ಟು ಉಳಿದಿತ್ತು. ಆ ಬಡಾವಣೆಯವರು ಊರಿನಿಂದಲೇ ರಾಗಿ ತಂದು ಗಿರಣಿಯಲ್ಲಿ ಬೀಸಿಸುತ್ತಾರಂತೆ. ನಲವತ್ತು ಮನೆಯ ಬದಲು ಮೂವತ್ತೈದು ಮನೆಯವರು ಬರುತ್ತಿದ್ದರು. ಅಕ್ಕಿಯನ್ನು ಅಷ್ಟರಲ್ಲಿ ಮೂರು ಸಲ ತಂದಿದ್ದ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ನೋಟುಪುಸ್ತಕವಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅವನು ತಾನೇ ತೆರೆದು ತೋರಿಸಿದ. ನಾಲ್ಕು ಹೆಸರಿದ್ದವು. "ಇಬ್ಬರು ವಯಸ್ಸಾದವರು ಸಾರ್, ಪಿಂಚಣಿ ಬಂದ ದಿನ ಕೊಡುತ್ತಾರೆ. ಇನ್ನಿಬ್ಬರು ಗಾರೆ ಕೆಲಸದವರು, ಶನಿವಾರ ಕೊಡುತ್ತಾರೆ. ಐದನೆಯ ಹೆಸರು ಬರೆಯುವುದಿಲ್ಲ" ಎಂದ.

ರಾಚ್‌ಡೇಲಿನವರು ಒಪ್ಪುತ್ತಿರಲಿಲ್ಲ. ನನ್ನ ತಂದೆ ಇದ್ದಿದ್ದರೆ ನಾಲ್ಕೇ ಏಕೆ ಎನ್ನುತ್ತಿದ್ದರು. ನಾನು ಅರ್ಧ ಕಿಲೋ ಸಕ್ಕರೆ ಕೊಂಡು, ನಗದು ಎಣಿಸಿಕೊಟ್ಟು ಮನೆಗೆ ಬಂದೆ.