ಭಾವಾಭಿವ್ಯಕ್ತಿವಾದ

ಭಾವಾಭಿವ್ಯಕ್ತಿವಾದ ಅಥವಾ ಎಮೋಟಿವಿಸಮ್ ಎಂಬುದು ನೈತಿಕ ಮಾತುಗಳ ಅರ್ಥವನ್ನು ಕುರಿತ ಒಂದು ತಾತ್ತ್ವಿಕ ಸಿದ್ಧಾಂತ. ‘ಕಳ್ಳತನ ತಪ್ಪು’, ‘ದಾನ ಒಳ್ಳೆಯದು’ ಎಂಬಂಥ ವಾಕ್ಯಗಳು ನೋಟಕ್ಕೆ ‘ಹಾಲು ಬೆಳ್ಳಗಿದೆ’ ಎಂಬ ವಾಕ್ಯದಂತೆಯೇ ಕಂಡರೂ ಅವು ಯಾವ ಸಂಗತಿಯನ್ನೂ ವರ್ಣಿಸುವುದಿಲ್ಲ, ಆಡುವವರ ಮೆಚ್ಚುಗೆಯನ್ನೋ ಅಸಮ್ಮತಿಯನ್ನೋ ಹೊರಗೆಡಹುತ್ತವೆ ಎಂಬುದು ಇದರ ಮುಖ್ಯ ಪ್ರತಿಪಾದನೆ. ಆದ್ದರಿಂದ ಈ ಸಿದ್ಧಾಂತದ ಪ್ರಕಾರ ನೈತಿಕ ಹೇಳಿಕೆಗಳು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ. ಇಪ್ಪತ್ತನೆಯ ಶತಮಾನದ ಮೂವತ್ತು–ನಲವತ್ತರ ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇದು ಪ್ರಬಲವಾಗಿತ್ತು. ಎ. ಜೆ. ಏಯರ್ ಮತ್ತು ಸಿ. ಎಲ್. ಸ್ಟೀವನ್‌ಸನ್ ಇದರ ಪ್ರಮುಖ ಪ್ರತಿಪಾದಕರು.

ವ್ಯಕ್ತಿನಿಷ್ಠವಾದಕ್ಕೂ ಇದಕ್ಕೂ ಇರುವ ಭೇದ

ಭಾವಾಭಿವ್ಯಕ್ತಿವಾದವನ್ನು ಸರಳ ವ್ಯಕ್ತಿನಿಷ್ಠವಾದದೊಂದಿಗೆ ಬೆರೆಸಿ ನೋಡುವುದು ಸಾಮಾನ್ಯ. ವ್ಯಕ್ತಿನಿಷ್ಠವಾದದ ಪ್ರಕಾರ ‘ಕಳ್ಳತನ ತಪ್ಪು’ ಎಂದರೆ ‘ನನಗೆ ಕಳ್ಳತನ ಒಪ್ಪಿಗೆಯಿಲ್ಲ’ ಎಂದು ಅರ್ಥ. ಇದು ಮಾತನಾಡುವವನ ಮನಸ್ಸನ್ನು ಕುರಿತ ವರದಿ. ಅವನಿಗೆ ನಿಜವಾಗಿ ಒಪ್ಪಿಗೆಯಿಲ್ಲದಿದ್ದರೆ ವಾಕ್ಯ ಸತ್ಯ, ಇದ್ದರೆ ಅಸತ್ಯ. ಭಾವಾಭಿವ್ಯಕ್ತಿವಾದಿಗಳು ಇದನ್ನು ನಿರಾಕರಿಸುತ್ತಾರೆ. ‘ನನಗೆ ಅಸಹ್ಯವಾಗಿದೆ’ ಎನ್ನುವವನು ತನ್ನ ಸ್ಥಿತಿಯನ್ನು ತಿಳಿಸುತ್ತಾನೆ, ‘ಛೀ!’ ಎನ್ನುವವನು ಅದನ್ನು ತೋರ್ಪಡಿಸುತ್ತಾನೆ. ‘ಛೀ’ ಎಂಬುದಕ್ಕೆ ‘ಅದು ಸುಳ್ಳು’ ಎಂದು ಉತ್ತರಿಸಲು ಬಾರದು. ನೈತಿಕ ಮಾತುಗಳು ಈ ಎರಡನೆಯ ಬಗೆಗೆ ಸೇರಿದವು ಎಂಬುದು ಇವರ ನಿಲುವು. ಈ ಕಾರಣದಿಂದಲೇ ಇದಕ್ಕೆ ‘ಬೂ–ಹುರ್ರಾ ಸಿದ್ಧಾಂತ’ ಎಂಬ ಅಡ್ಡಹೆಸರು ಬಂದಿದೆ.

ಬೆಳವಣಿಗೆ

ಏಯರ್ 1936ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಗ್ರಂಥದಲ್ಲಿ ಈ ವಾದವು ತಾರ್ಕಿಕ ಪ್ರತ್ಯಕ್ಷವಾದದ ಫಲವಾಗಿ ಬರುತ್ತದೆ. ಒಂದು ಹೇಳಿಕೆ ಅರ್ಥವತ್ತಾಗಬೇಕಾದರೆ ಅದು ಪದಗಳ ಅರ್ಥದಿಂದಲೇ ಸತ್ಯವಾಗಿರಬೇಕು, ಇಲ್ಲವೇ ಅನುಭವದಿಂದ ಪರೀಕ್ಷಿಸಲು ಸಾಧ್ಯವಾಗಬೇಕು ಎಂಬುದು ಆ ಪಂಥದ ಮಾನದಂಡ. ನೈತಿಕ ಹೇಳಿಕೆಗಳು ಈ ಎರಡಕ್ಕೂ ಒಳಪಡುವುದಿಲ್ಲ. ‘ನೀನು ಆ ಹಣ ಕದ್ದದ್ದು ತಪ್ಪು’ ಎನ್ನುವವನು ‘ನೀನು ಆ ಹಣ ಕದ್ದೆ’ ಎಂಬುದಕ್ಕಿಂತ ಹೆಚ್ಚಿನ ಸಂಗತಿಯನ್ನೇನೂ ತಿಳಿಸುವುದಿಲ್ಲ. ಅದನ್ನೇ ಜಿಗುಪ್ಸೆಯ ದನಿಯಲ್ಲಿ ಹೇಳಿದಂತಾಗುತ್ತದೆ, ಅಷ್ಟೆ ಎಂದು ಏಯರ್ ವಾದಿಸಿದರು.

ಸ್ಟೀವನ್‌ಸನ್ 1937ರ ಲೇಖನವೊಂದರಲ್ಲಿ ಮತ್ತು 1944ರ ‘ಎಥಿಕ್ಸ್ ಅಂಡ್ ಲ್ಯಾಂಗ್ವೇಜ್’ ಗ್ರಂಥದಲ್ಲಿ ಈ ವಾದಕ್ಕೆ ಹೆಚ್ಚು ಸೂಕ್ಷ್ಮವಾದ ರೂಪ ಕೊಟ್ಟರು. ನೈತಿಕ ಪದಗಳು ಭಾವವನ್ನು ಹೊರಹಾಕುವುದರ ಜೊತೆಗೆ ಕೇಳುವವರ ಮನೋಭಾವವನ್ನು ಬದಲಿಸುವ ಸಾಧನಗಳೂ ಹೌದು ಎಂಬುದು ಅವರ ಒತ್ತು. ‘ಇದು ಒಳ್ಳೆಯದು’ ಎಂಬುದರ ಸ್ಥೂಲ ಅರ್ಥ ‘ನಾನು ಇದನ್ನು ಮೆಚ್ಚುತ್ತೇನೆ, ನೀನೂ ಮೆಚ್ಚು’ ಎಂದು. ಇದರಲ್ಲಿ ಮೊದಲ ಭಾಗ ವರ್ಣನೆ, ಎರಡನೆಯದು ಪ್ರೇರಣೆ.

ಆಕ್ಷೇಪಗಳು

ಭಿನ್ನಾಭಿಪ್ರಾಯದ ಪ್ರಶ್ನೆ

ನೈತಿಕ ಮಾತುಗಳು ಕೇವಲ ಭಾವಗಳಾಗಿದ್ದರೆ ಇಬ್ಬರು ಪರಸ್ಪರ ವಿರೋಧಿಸುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಒಬ್ಬನಿಗೆ ಹಾಗಲಕಾಯಿ ರುಚಿಸುತ್ತದೆ, ಇನ್ನೊಬ್ಬನಿಗೆ ರುಚಿಸದು ಎಂದಾಗ ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಮರಣದಂಡನೆ ನ್ಯಾಯವೇ ಎಂಬ ವಿಷಯದಲ್ಲಿ ಜನ ನಿಜವಾಗಿಯೂ ವಾದಿಸುತ್ತಾರೆ. ಇಂಥ ಜಗಳಗಳು ವಾಸ್ತವದಲ್ಲಿ ಸಂಗತಿಗಳನ್ನು ಕುರಿತವು, ಸಂಗತಿಗಳೆಲ್ಲ ಇತ್ಯರ್ಥವಾದ ಮೇಲೆ ವಾದಿಸಲು ಏನೂ ಉಳಿಯುವುದಿಲ್ಲ ಎಂದು ಏಯರ್ ಉತ್ತರಿಸಿದರು.

ಸ್ಟೀವನ್‌ಸನ್ ಅವರ ಉತ್ತರ ಬೇರೆ. ನಂಬಿಕೆಗಳ ವಿರೋಧವಲ್ಲದೆ ಮನೋಭಾವಗಳ ವಿರೋಧವೂ ಇದೆ ಎಂದು ಅವರು ತೋರಿಸಿದರು. ಮರಣದಂಡನೆಯಿಂದ ಅಪರಾಧ ತಗ್ಗುತ್ತದೆಯೇ, ನಿರಪರಾಧಿಗಳು ಗಲ್ಲಿಗೇರುವ ಸಂಭವವೆಷ್ಟು ಎಂಬ ಪ್ರಶ್ನೆಗಳಲ್ಲಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದ ಮೇಲೂ ಒಬ್ಬನು ಅದನ್ನು ಉಳಿಸಬೇಕೆಂದೂ ಇನ್ನೊಬ್ಬನು ರದ್ದುಪಡಿಸಬೇಕೆಂದೂ ಹಟ ಹಿಡಿಯಬಹುದು. ಇಬ್ಬರ ಬಯಕೆಯೂ ಒಟ್ಟಿಗೆ ಈಡೇರದು, ಅದೇ ವಿರೋಧ. ಈ ಉತ್ತರ ಬಹುಮಟ್ಟಿಗೆ ಯಶಸ್ವಿಯೆಂದು ಪರಿಗಣಿತವಾಗಿದೆ.

ಕಾರಣ ಮತ್ತು ಪ್ರಚಾರ

ಸ್ಟೀವನ್‌ಸನ್ ಅವರ ನಿರೂಪಣೆಯಲ್ಲಿ ನೈತಿಕ ತೀರ್ಪಿಗೆ ಕೊಡುವ ‘ಕಾರಣ’ವೆಂದರೆ ಕೇಳುವವನ ಮನೋಭಾವವನ್ನು ಬದಲಿಸಬಲ್ಲ ಯಾವುದೇ ಹೇಳಿಕೆ. ಹಾಗಾದರೆ ನಿರಪರಾಧಿಯೊಬ್ಬನನ್ನು ಗಲ್ಲಿಗೇರಿಸಿದ ಪ್ರಕರಣವನ್ನು ಮುಂದಿಡುವುದಕ್ಕೂ ಎದುರಾಳಿಯ ಜಾತಿ ಅಥವಾ ಭಯವನ್ನು ಕೆದಕಿ ಅವನನ್ನು ಒಲಿಸಿಕೊಳ್ಳುವುದಕ್ಕೂ ಇರುವ ಭೇದವೇನು? ಎರಡೂ ಪರಿಣಾಮಕಾರಿಯಾದರೆ ಎರಡೂ ಸಮಾನ ಕಾರಣಗಳೇ ಆಗಬೇಕಾಗುತ್ತದೆ. ಪರಿಣಾಮಕಾರಿತ್ವವೇ ಬೇರೆ, ಸಮರ್ಪಕತೆಯೇ ಬೇರೆ ಎಂಬ ನಮ್ಮ ದೃಢ ತಿಳಿವಳಿಕೆಗೆ ಇಲ್ಲಿ ನೆಲೆಯಿಲ್ಲ. ಅಲಾಸ್ಡೇರ್ ಮ್ಯಾಕಿಂಟೈರ್ 1981ರ ‘ಆಫ್ಟರ್ ವರ್ಚ್ಯೂ’ ಗ್ರಂಥದಲ್ಲಿ ಈ ಅಂಶವನ್ನು ಎತ್ತಿ, ಇತರರನ್ನು ವಿವೇಕಿಗಳೆಂದು ಕಾಣುವುದಕ್ಕೂ ಸಾಧನವಾಗಿ ಬಳಸುವುದಕ್ಕೂ ಇರುವ ಗೆರೆಯನ್ನು ಭಾವಾಭಿವ್ಯಕ್ತಿವಾದ ಅಳಿಸುತ್ತದೆ ಎಂದು ಟೀಕಿಸಿದರು.

ಫ್ರೇಗೆ–ಗೀಚ್ ಸಮಸ್ಯೆ

ಅತ್ಯಂತ ಗಂಭೀರವೆಂದು ಬಹುತೇಕರು ಒಪ್ಪುವ ಆಕ್ಷೇಪವನ್ನು ಪೀಟರ್ ಗೀಚ್ 1960 ಮತ್ತು 1965ರ ಲೇಖನಗಳಲ್ಲಿ ಮಂಡಿಸಿದರು. ಒಂದು ವಾಕ್ಯವನ್ನು ಪ್ರತಿಪಾದಿಸುವುದು ಬೇರೆ, ಅದರ ಅರ್ಥ ಬೇರೆ ಎಂಬ ಗಾಟ್‌ಲೋಬ್ ಫ್ರೇಗೆಯ ವಿಚಾರ ಇದಕ್ಕೆ ಆಧಾರ. ಈ ಕೆಳಗಿನ ಅನುಮಾನವನ್ನು ಗಮನಿಸಬಹುದು.

1. ತೂಕದಲ್ಲಿ ಮೋಸ ಮಾಡುವುದು ತಪ್ಪು.
2. ತೂಕದಲ್ಲಿ ಮೋಸ ಮಾಡುವುದು ತಪ್ಪಾದರೆ, ಕೆಲಸದ ಹುಡುಗನಿಂದ ಆ ಮೋಸ ಮಾಡಿಸುವುದೂ ತಪ್ಪು.
3. ಆದ್ದರಿಂದ, ಕೆಲಸದ ಹುಡುಗನಿಂದ ಆ ಮೋಸ ಮಾಡಿಸುವುದು ತಪ್ಪು.

ಇದು ನಿರ್ದುಷ್ಟವಾದ ಅನುಮಾನ ಎಂಬುದರಲ್ಲಿ ಸಂಶಯವಿಲ್ಲ. ಭಾವಾಭಿವ್ಯಕ್ತಿವಾದದ ಪ್ರಕಾರ ಮೊದಲ ವಾಕ್ಯದ ‘ತಪ್ಪು’ ಮೋಸದ ಬಗೆಗಿನ ಅಸಮ್ಮತಿಯನ್ನು ಹೊರಗೆಡಹುತ್ತದೆ. ಆದರೆ ಎರಡನೆಯ ವಾಕ್ಯದ ‘ತಪ್ಪಾದರೆ’ ಎಂಬಲ್ಲಿ ಅಂಥ ಅಸಮ್ಮತಿಯೇನೂ ಪ್ರಕಟವಾಗುವುದಿಲ್ಲ. ತೂಕದ ಮೋಸದಲ್ಲಿ ದೋಷವನ್ನೇ ಕಾಣದ ವ್ಯಾಪಾರಿಯೂ ಆ ವಾಕ್ಯವನ್ನು ಮನಃಪೂರ್ವಕವಾಗಿ ಒಪ್ಪಬಹುದು. ಪದದ ಅರ್ಥವೆಂದರೆ ಅದು ಹೊರಗೆಡಹುವ ಭಾವವೇ ಆಗಿದ್ದರೆ, ಎರಡು ವಾಕ್ಯಗಳಲ್ಲಿ ಆ ಪದಕ್ಕೆ ಎರಡು ಅರ್ಥಗಳಿವೆ ಎನ್ನಬೇಕಾಗುತ್ತದೆ.

ಒಂದೇ ಪದ ಎರಡು ಅರ್ಥಗಳಲ್ಲಿ ಬಂದರೆ ಅನುಮಾನ ಮುರಿದು ಬೀಳುತ್ತದೆ. ‘ಮನುಷ್ಯನಿಗೆ ಎರಡು ಕಾಲು, ಎರಡು ಕಾಲು ಸೇರಿದರೆ ಅರ್ಧ, ಆದ್ದರಿಂದ ಮನುಷ್ಯನಿಗಿರುವುದು ಅರ್ಧ’ ಎಂಬುದು ಹಾಸ್ಯವಾಗುವುದು ‘ಕಾಲು’ ಎಂಬುದು ಒಮ್ಮೆ ಅಂಗವನ್ನೂ ಇನ್ನೊಮ್ಮೆ ನಾಲ್ಕನೆಯ ಒಂದು ಭಾಗವನ್ನೂ ಸೂಚಿಸುವುದರಿಂದ. ಭಾವಾಭಿವ್ಯಕ್ತಿವಾದ ನಿಜವಾದರೆ ತೂಕದ ಮೋಸದ ಅನುಮಾನವೂ ಇದೇ ಬಗೆಯ ಶ್ಲೇಷೆಯಾಗಬೇಕು. ಅದು ಹಾಗಲ್ಲವಾದ್ದರಿಂದ ಸಿದ್ಧಾಂತದಲ್ಲಿಯೇ ದೋಷವಿದೆ ಎಂಬುದು ಗೀಚ್ ವಾದದ ಸಾರ. ‘ಸುಳ್ಳು ಹೇಳುವುದು ತಪ್ಪೇ?’, ‘ಸುಳ್ಳು ಹೇಳುವುದು ತಪ್ಪಲ್ಲ’ ಎಂಬಂಥ ಪ್ರಶ್ನೆ ಮತ್ತು ನಿಷೇಧಗಳಲ್ಲಿಯೂ ಇದೇ ತೊಡಕು ಎದುರಾಗುತ್ತದೆ.

ಉತ್ತರಗಳು ಮತ್ತು ಮುಂದಿನ ಚರ್ಚೆ

ಸೈಮನ್ ಬ್ಲ್ಯಾಕ್‌ಬರ್ನ್ 1984ರ ‘ಸ್ಪ್ರೆಡಿಂಗ್ ದ ವರ್ಡ್’ ಗ್ರಂಥದಲ್ಲಿ ಪ್ರಸಿದ್ಧವಾದ ಪರಿಹಾರವೊಂದನ್ನು ಸೂಚಿಸಿದರು. ಎರಡನೆಯ ವಾಕ್ಯವು ಮೋಸದ ಬಗ್ಗೆ ಅಲ್ಲ, ಮನೋಭಾವಗಳ ಬಗ್ಗೆ ಇರುವ ಮನೋಭಾವ: ತೂಕದ ಮೋಸವನ್ನು ಖಂಡಿಸಿಯೂ ಅದನ್ನು ಇತರರಿಂದ ಮಾಡಿಸುವುದನ್ನು ಖಂಡಿಸದಿರುವ ಸ್ವಭಾವವನ್ನೇ ಅದು ಖಂಡಿಸುತ್ತದೆ. ಆದ್ದರಿಂದ 1 ಮತ್ತು 2ನ್ನು ಒಪ್ಪಿ 3ನ್ನು ಒಪ್ಪದವನು ತಾನೇ ಖಂಡಿಸುವ ಸ್ವಭಾವವನ್ನು ತಳೆದಂತಾಗುತ್ತದೆ.

ಆದರೆ ಅಂಥವನಲ್ಲಿರುವುದು ನೈತಿಕ ದೋಷವೇ ಹೊರತು ತಾರ್ಕಿಕ ದೋಷವಲ್ಲ ಎಂದು ವಿಮರ್ಶಕರು ಆಕ್ಷೇಪಿಸಿದ್ದಾರೆ. ತಾನು ಖಂಡಿಸುವ ಕೆಲಸವನ್ನೇ ಮಾಡುವವನು ಕಪಟಿಯೋ ದುರ್ಬಲನೋ ಆಗಬಹುದು; 1 ಮತ್ತು 2ನ್ನು ಒಪ್ಪಿ 3ನ್ನು ನಿರಾಕರಿಸುವವನು ಮಾತ್ರ ತನ್ನ ಮಾತಿಗೆ ತಾನೇ ವಿರುದ್ಧವಾಗುತ್ತಾನೆ. ಬ್ಲ್ಯಾಕ್‌ಬರ್ನ್ ಮುಂದೆ ತಮ್ಮ ಪರಿಹಾರವನ್ನು ಪರಿಷ್ಕರಿಸಿದರು. ಆಲನ್ ಗಿಬ್ಬರ್ಡ್ 1990ರ ‘ವೈಸ್ ಚಾಯ್ಸಸ್, ಆಪ್ಟ್ ಫೀಲಿಂಗ್ಸ್’ ಗ್ರಂಥದಲ್ಲಿ, ನೈತಿಕ ತೀರ್ಪು ಬಿಡಿ ಭಾವವಲ್ಲ, ನಿಯಮಗಳ ಸ್ವೀಕಾರ ಎಂಬ ಬೇರೊಂದು ಮಾರ್ಗವನ್ನು ಹಿಡಿದರು. ಈ ಪರಿಷ್ಕೃತ ರೂಪಗಳನ್ನು ಒಟ್ಟಾಗಿ ಅಭಿವ್ಯಕ್ತಿವಾದ ಎಂದು ಕರೆಯುವುದು ರೂಢಿ. ಏಯರ್ ಮಂಡಿಸಿದ ಮೂಲ ರೂಪವನ್ನು ಇಂದು ಬೆಂಬಲಿಸುವವರು ವಿರಳ. ಆದರೆ ಅದರ ಉತ್ತರಾಧಿಕಾರಿಗಳಾದ ಈ ಸಿದ್ಧಾಂತಗಳು ಫ್ರೇಗೆ–ಗೀಚ್ ಸಮಸ್ಯೆಯನ್ನು ಬಿಡಿಸಿವೆಯೇ ಎಂಬುದು ಇನ್ನೂ ವಿವಾದಾಸ್ಪದವಾಗಿಯೇ ಉಳಿದಿದೆ.